ಒಂದರ ಪಾಲು

ಮೌಲ್ಯಮಾಪನ ಕ್ಯಾಂಪಿನ ಮೂರನೆಯ ದಿನ, ಊಟದ ಬಿಡುವಿಗೆ ಮುಂಚೆ, ನಾನು ಮಾಡಿದ್ದ ತಪ್ಪೊಂದು ಬೇರೆಯವರ ಕೈಬರಹದಲ್ಲಿ ನನ್ನೆದುರಿಗೆ ಬಂತು.

ಅಲ್ಲಿ ತಿದ್ದುತ್ತಿದ್ದ ಪರೀಕ್ಷೆಯ ಪ್ರಶ್ನೆಪತ್ರಿಕೆ ತಯಾರಿಸಿದವಳು ನಾನೇ. ಅದರಲ್ಲೊಂದು ಪ್ರಶ್ನೆ: ಕಂಬಕ್ಕೆ ಆರು ಬಾವುಟಗಳನ್ನು ಸಾಲಾಗಿ ಏರಿಸಬೇಕು, ಬಣ್ಣ ನಾಲ್ಕು, ಕೆಂಪು ಮತ್ತು ಬಿಳಿ ಸಮಸಂಖ್ಯೆಯಲ್ಲಿರಬೇಕು, ಸೊನ್ನೆಯೂ ಆದೀತು, ಹಸಿರು, ನೀಲಿಗೆ ಕಟ್ಟಳೆಯಿಲ್ಲ. ಎಷ್ಟು ಬಗೆ? ಒಂದೊಂದು ಬಣ್ಣಕ್ಕೂ ಎಣಿಕೆಗಳನ್ನು ಸಹಗುಣಕಗಳಾಗಿ ಹೊತ್ತ ಒಂದೊಂದು ಸರಣಿ, ಅಂದರೆ ಘಾತೀಯ ಜನಕ ಫಲನ, ಬರೆದು ಗುಣಿಸಿದರೆ (e⁴ˣ + 2e²ˣ + 1)/4 ಬರುತ್ತದೆ. ಅದರಲ್ಲಿ x⁶/6! ಎಂಬುದರ ಸಹಗುಣಕವೇ ಉತ್ತರ: 4096ರ ಕಾಲು ಭಾಗ 1024, 128ರ ಕಾಲು ಭಾಗ 32, ಒಟ್ಟು 1056. ಕೊನೆಯ ಆ ಒಂದಕ್ಕೆ x ಇಲ್ಲ. ಅದು ಬಾವುಟವೇ ಇಲ್ಲದ ಬರಿಗಂಬದ ಲೆಕ್ಕಕ್ಕೆ ಮಾತ್ರ ಸೇರಿದ್ದು.

ಪ್ರಶ್ನೆಗಳ ಜೊತೆ ಕೊಡಬೇಕಾದ ಮಾದರಿ ಉತ್ತರಗಳ ಮೊದಲ ಕರಡಿನಲ್ಲಿ, ಅವಸರದಲ್ಲಿ, ನಾನು ಅದನ್ನೂ ಕೂಡಿಸಿದ್ದೆ. ‘ಒಂದರ ಪಾಲನ್ನೂ ಮರೆಯದೆ ಸೇರಿಸಿದರೆ, 1056¼’ ಎಂದು ಬರೆದು, ಪರಿಶೀಲನೆಗೆ ವಾಸುದೇವನ್ ಮಾಷ್‌ಗೆ ಕಳಿಸಿದ್ದೆ. ಅವರು ನನಗೆ ಎಂ.ಎಸ್ಸಿಯಲ್ಲಿ ಪಾಠ ಹೇಳಿದ ಮೇಷ್ಟ್ರು, ಈಗ ಪರೀಕ್ಷಾ ಮಂಡಳಿಯ ಅಧ್ಯಕ್ಷರು. ಫೋನಿನಲ್ಲಿ ಗಹಗಹಿಸಿ ನಕ್ಕಿದ್ದರು.

“ರೋಸ್ಲೀ, ಆ ಕಾಲು ಬಗೇಲಿ ಬಾವುಟ ಕಟ್ಟೋದು ಹೇಗಮ್ಮಾ? ಹರಿದು ಕಟ್ಟೋದಾ? ಬೇರೆ ಬರೆದು ಕಳ್ಸು. ಇದನ್ನ ಹರಿದು ಹಾಕ್ತೀನಿ.”

ಬೇರೆ ಬರೆದು ಕಳಿಸಿದ್ದೆ. ಆ ಕರಡನ್ನು ನೋಡಿದವರು ನಾವಿಬ್ಬರೇ.

ಈಗ ನನ್ನೆದುರಿನ ಉತ್ತರಪತ್ರಿಕೆಯಲ್ಲಿ, ‘ಒಂದರ ಪಾಲನ್ನೂ ಮರೆಯದೆ ಸೇರಿಸಿದರೆ, 1056¼.’

ಒಬ್ಬ ವಿದ್ಯಾರ್ಥಿ ಹಾಗೆ ಎಡವಬಹುದು, ನಾನೇ ಎಡವಿರಲಿಲ್ಲವೇ? ಮುಂದಿನದನ್ನು ತೆರೆದೆ. ಸರಿಯಿತ್ತು. ಅದರ ಮುಂದಿನದರಲ್ಲಿ ಮತ್ತೆ ಅದೇ ಕಾಲು, ಅದೇ ವಾಕ್ಯ, ಅಲ್ಪವಿರಾಮ ಕೂಡ ಅಲ್ಲೇ. ಕಟ್ಟನ್ನು ಕೊನೆಯವರೆಗೆ ತಿರುವಿ ನೋಡುವಷ್ಟರಲ್ಲಿ ಒಂಬತ್ತು ಆದವು. ಒಂಬತ್ತೂ ಒಂದೇ ಕೇಂದ್ರದವು. ಎಣಿಕೆಯ ಉತ್ತರದಲ್ಲಿ ಕಾಲು ಹೇಗೆ ಬಂತೆಂದು ಒಬ್ಬರೂ ಹಿಂತಿರುಗಿ ನೋಡಿರಲಿಲ್ಲ.

“ಏನ್ ಟೀಚರೇ, ಫ್ಯಾನ್ ಪೂರ್ತಿ ನಿಮ್ ಕಡೆ ತಿರುಗಿಸ್ಕೊಂಡೂ ಬೆವರ್ತಿದೀರಲ್ಲ?” ಪಕ್ಕದ ಕುರ್ಚಿಯ ಹಫ್ಸತ್ ಕೇಳಿದಳು. “ಯಾರಾದ್ರೂ ಪ್ರೇಮಪತ್ರ ಬರೆದಿಟ್ಟಿದಾರಾ?”

“ಏನಿಲ್ಲ. ಕೈಬರಹ ಕೆಟ್ಟದು.”

ಸುಳ್ಳು ಹೇಳಿದೆನೆಂದು ಹೇಳಿದ ಮೇಲೆ ಗೊತ್ತಾಯಿತು. ಹೇಳದೆ ಬಿಟ್ಟರೆ ಇಲ್ಲಿಗೇ ಮುಗಿಯುತ್ತದೆ. ಹೇಳಿದರೆ ಮೊದಲು ಕೇಳುವುದು, ತಪ್ಪು ಯಾರದು ಎಂದು. ಕರಡು ನನ್ನ ಅಕ್ಷರದಲ್ಲಿತ್ತು. ಹದಿನಾರು ವರ್ಷದ ನೌಕರಿ.

ಒಂಬತ್ತನ್ನೂ ಬೇರೆ ತೆಗೆದು ಜೋಡಿಸುತ್ತಿದ್ದಾಗ ಮೇಜಿನ ಮೇಲೆ ನೆರಳು ಬಿತ್ತು. ವಾಸುದೇವನ್ ಮಾಷ್. ಹಿಂದೆ ನಿಂತು ಎಷ್ಟು ಹೊತ್ತಾಗಿತ್ತೋ ತಿಳಿಯದು.

“ಆ ಕಟ್ಟು ಇಲ್ಲಿ ಕೊಡು ರೋಸ್ಲಿ. ನಿನಗೆ ಬೇರೇದು ಕಳಿಸ್ತೀನಿ.”

“ಅರ್ಧ ಆಗಿದೆ ಮಾಷೇ.”

“ಆಗಿರ್ಲಿ.” ಬಾಗಿ, ಹಫ್ಸತ್‌ಗೆ ಕೇಳದ ಹಾಗೆ ಮೆಲ್ಲಗೆ ಹೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಪಾಠ ಹೇಳುವಾಗಿನ ತಾಳ್ಮೆಯಿತ್ತು. “ನಿನ್ನ ಆ ಕರಡಲ್ಲಿ ನನ್ನ ಪೆನ್ನಿನ ಒಂದು ಗೆರೆ ಕೂಡ ಇಲ್ಲಮ್ಮಾ. ಎಲ್ಲಾ ನಿಂದೇ. ಯೋಚ್ನೆ ಮಾಡು. ಊಟ ಮಾಡ್ಕೊಂಡು ಬಾ, ಇವತ್ತು ಮೀನಿದೆ.”

ಹರಿದು ಹಾಕಿರಲಿಲ್ಲ. ಅದು ಎಲ್ಲೋ ಇಡಿಯಾಗಿ ಉಳಿದುಕೊಂಡಿದೆ; ಬೇಕಾದಾಗ ಹೊರಗೆ ಬರುತ್ತದೆ.

ಮಾಷ್ ಕೈ ಚಾಚಿಯೇ ಇದ್ದರು. ನಾನು ಎದ್ದೆ, ಕಟ್ಟನ್ನು ಎದೆಗವಚಿಕೊಂಡು, ಅವರ ಪಕ್ಕದಿಂದಲೇ ನಡೆದು ಕ್ಯಾಂಪ್ ಅಧಿಕಾರಿ ಮೊಯ್ದು ಸಾರ್ ಕೋಣೆಗೆ ಹೋದೆ. ಬೆನ್ನ ಹಿಂದೆ ಚಪ್ಪಲಿಯ ಸದ್ದು, ಅವಸರವಿಲ್ಲದ್ದು, ನನ್ನ ಹೆಜ್ಜೆಗೆ ಹೆಜ್ಜೆ ಕೂಡಿಸಿಕೊಂಡು ಬರುತ್ತಿತ್ತು.

ಮೊಯ್ದು ಸಾರ್ ಕನ್ನಡಕ ಮೇಲೆ ಸರಿಸಿದರು. “ಏನ್ ಟೀಚರೇ?”

“ಪ್ರಶ್ನೆಪತ್ರಿಕೆ ಸೋರಿದೆ ಸಾರ್. ಈ ಒಂಬತ್ತರಲ್ಲಿ ಇರೋ ತಪ್ಪು ನನ್ನ ಕರಡಲ್ಲಿ ಇದ್ದದ್ದು. ನಾನು ಮಾಡಿದ್ದು. ಬರೆದುಕೊಡ್ತೀನಿ.”

ಅವರು ಒಂದು ಹಾಳೆ ಮುಂದೆ ತಳ್ಳಿದರು. “ಆ ಕರಡನ್ನ ನಿಮ್ಮನ್ನು ಬಿಟ್ಟು ಬೇರೆ ಯಾರು ನೋಡಿದಾರೆ?”

ಚಪ್ಪಲಿಯ ಸದ್ದು ಹೊಸ್ತಿಲಲ್ಲಿ ನಿಂತಿತು. ನಾನು ತಿರುಗಿ ನೋಡಲಿಲ್ಲ. ಹಾಳೆಯ ಮೇಲೆ ಮೊದಲು ನನ್ನ ಹೆಸರು ಬರೆದೆ. ಅದರ ಕೆಳಗೆ ಅವರದು.

“ಮೊಯ್ದೂ,” ಮಾಷ್ ಬಾಗಿಲಿನಿಂದಲೇ ಹೇಳಿದರು, “ಈ ಮಗು ತಪ್ಪು ಒಪ್ಕೊಂಡ್ಳಾ? ಒಳ್ಳೇದಾಯ್ತು. ಅವಳ ಕರಡು ನನ್ನ ಹತ್ರ ಇದೆ. ಎಲ್ಲಾ ಅವಳ ಅಕ್ಷರವೇ.”