ಇಪ್ಪತ್ತೇಳನೇ ತಾರೀಖಿನ ಡಿಸ್ಕು

ಸೋಮವಾರ ಬೆಳಿಗ್ಗೆ ಏಳಕ್ಕೆ ಮೊದಲು ದೂರು ತಂದವಳು ನರ್ಸ್ ನಂದಾ.

"ಶಾಂಭವಿ ಮೇಡಂ, ಶ್ರೀಮಂತ ಅಂತ ಟಿಕೋಟಾದವರು ವಾರಕ್ಕೆ ಮೂರು ಸಲ ಬರ್ತಾರಲ್ಲರಿ, ಅವರ ಹೆಸರ ಸಿಗವಲ್ದು. ಅಂಥಾ ರೋಗಿ ಇಲ್ಲ ಅಂತ ತೋರಸಾಕತ್ತೈತಿ. ಅವರು ನನ್ನ ಮುಂದ ಕುಂತಾರ."

ವಿಜಯಪುರದ ಆ ಡಯಾಲಿಸಿಸ್ ಕೇಂದ್ರದಲ್ಲಿ ಕಂಪ್ಯೂಟರು ನೋಡಿಕೊಳ್ಳುವವಳು ಶಾಂಭವಿ ಒಬ್ಬಳೇ. ಹಿಂದಿನ ದಿನ ಭಾನುವಾರ, ಕೇಂದ್ರಕ್ಕೆ ರಜೆ. ಒಬ್ಬಳೇ ಕೂತು ರೋಗಿಗಳ ದಾಖಲೆ ಇರುವ ವರ್ಚುವಲ್ ಮಷಿನ್ನನ್ನು, ಎಂದರೆ ಸರ್ವರಿನೊಳಗೆ ಬರೀ ಫೈಲುಗಳಾಗಿ ಇರುವ ಕಂಪ್ಯೂಟರನ್ನು, ಹಳೇ ಸರ್ವರಿನಿಂದ ಹೊಸದಕ್ಕೆ ಸಾಗಿಸಿದ್ದಳು. ಹಳೇ ಸರ್ವರಿನಲ್ಲಿ ಆ ಮಷಿನ್ನಿನ ಡಿಸ್ಕು ವಿಎಮ್‌ಡಿಕೆ ಎಂಬ ರೂಪದ ಫೈಲು. ಹೊಸದಕ್ಕೆ ಬೇಕಾದದ್ದು ಕ್ಯೂಕೌ ಎಂಬ ಇನ್ನೊಂದು ರೂಪ. ಮಷಿನ್ ಬಂದ್ ಮಾಡಿ, ಫೈಲು ನಕಲು ಮಾಡಿಕೊಂಡು, ರೂಪ ಬದಲಿಸಿ, ತಪ್ಪಿದೆಯೇ ಎಂದು ಪರೀಕ್ಷಿಸಿದಳು. ಒಂದೂ ತಪ್ಪಿರಲಿಲ್ಲ. ಸಂಜೆ ನಾಲ್ಕೂವರೆಗೆ ಹೊಸ ಸರ್ವರಿನಲ್ಲಿ ಮಷಿನ್ ಎದ್ದಿತು, ಗಡಿಯಾರ ಸರಿಯಾಗಿ ತೋರಿಸಿತು, ಅಡ್ಮಿನ್ ಖಾತೆಯಿಂದ ಒಳಗೆ ಹೋದರೆ ರೋಗಿಗಳ ಪಟ್ಟಿ ತೆರೆಯಿತು. ಮ್ಯಾನೇಜರ್ ಅರುಣಕುಮಾರ ಅವಸರ ಮಾಡಿದ್ದರಿಂದ, ಹಳೇ ಸರ್ವರನ್ನು ಅಂದೇ ಇಬ್ರಾಹಿಂಪುರದ ಸಿದ್ದರಾಯ ಟೆಂಪೋದಲ್ಲಿ ಹಾಕಿಕೊಂಡು ಹೋದ. ಅದರ ಡಿಸ್ಕು ಒರೆಸಿ ಬೇರೆಯವರಿಗೆ ಕೊಡುವುದು ಅವನ ಕೆಲಸ.

ಈಗ ಅವಳು ತನ್ನ ಹೆಸರಿನಲ್ಲಿ ಲಾಗಿನ್ ಆಗಲು ನೋಡಿದಳು. ಈ ಹೆಸರಿನವರು ಯಾರೂ ಇಲ್ಲ ಎಂದಿತು ಪರದೆ.

ಮತ್ತೊಮ್ಮೆ ನಿಧಾನಕ್ಕೆ ಒತ್ತಿದಳು. ಅದೇ ಉತ್ತರ. ನಂದಾಳ ಹೆಸರನ್ನು ಅದು ಒಪ್ಪಿತು. ನಂದಾ ಬಂದು ಏಳು ವರ್ಷವಾಗಿತ್ತು, ಶಾಂಭವಿ ಬಂದು ಎರಡು.

"ಇವತ್ತಿನ ಹಾಸಿಗಿ ಪಟ್ಟಿ ನೋಡ್ರಿ," ನಂದಾ ದನಿ ತಗ್ಗಿಸಿದಳು. "ಮೂರನೇ ಹಾಸಿಗಿ ಬೀರಣ್ಣ, ಮಮದಾಪುರ. ಐದನೇದು ನಿಡೋಣಿ ಗೌಡ್ರು. ಇವರು ಯಾರೂ ಇಲ್ಲರಿ ಈಗ. ಇವರಿಗೆಲ್ಲ ಸೂಜಿ ಚುಚ್ಚಿದಾಕಿ ನಾನು. ನನಗ ಗೊತ್ತೈತಿ."

ಪರದೆಯ ಮೇಲೆ ಬೀರಣ್ಣನಿಗೆ ಐವತ್ತೆರಡು ವರ್ಷ. ತೂಕ ಐವತ್ತೆಂಟು ಕಿಲೋ. ಮುಂದಿನ ಸರದಿ ಬಾಕಿ. ಹೊರಗೆ ಬೆಂಚಿನ ಮೇಲೆ ಕೂತ ಹನ್ನೊಂದು ಜನರಲ್ಲಿ ಏಳು ಜನ ಆ ಮಷಿನ್ನಿನ ಪಾಲಿಗೆ ಇಲ್ಲವೇ ಇಲ್ಲ.

ಅಷ್ಟರಲ್ಲಿ ಬಾಗಿಲ ಬಳಿ ಒಬ್ಬ ಹೆಂಗಸು ಬಂದು ನಿಂತಳು. ಇಳಕಲ್ ಸೀರೆ, ಹೆಗಲಿಗೆ ಕಂಬಳಿ, ಕಾಲಿಗೆ ಕೆಂಪು ಧೂಳು. ಕೈಯಲ್ಲಿ ಗುಂಡಿ ಒತ್ತುವ ಸಣ್ಣ ಫೋನು.

"ಯವ್ವಾ, ನಾ ಬೋರವ್ವ. ಮಮದಾಪುರದಾಕಿ. ನಮ್ಮ ಮನಿಯವರನ್ನ ಕರದೀರಿ."

ಶಾಂಭವಿ ಫೋನು ತೆಗೆದುಕೊಂಡು ಓದಿದಳು. *ಬೀರಣ್ಣ ಅವರೇ, ನಾಳೆ ಬೆಳಿಗ್ಗೆ ಏಳಕ್ಕೆ ನಿಮ್ಮ ಡಯಾಲಿಸಿಸ್ ಇದೆ. ತಪ್ಪದೆ ಬನ್ನಿ.* ನಿನ್ನೆ ಸಂಜೆ ಐದಕ್ಕೆ ಬಂದದ್ದು.

"ಅಕ್ಕಾ, ಅವರು..." ಎಂದಳು ಶಾಂಭವಿ.

"ಅವರು ಹೋಗಿ ನಾಕ ವರ್ಷದ ಮ್ಯಾಲಾತು. ಮಗಳು ರೇಣುಕಾ ಹೇಳಿದ್ಲು, ಕಂಪ್ಯೂಟರ್ ತಪ್ಪಬೇ ಅದು, ಹೋಗಬ್ಯಾಡ ಅಂತ. ಖರೆ ಇದ ಮೆಸೇಜ ಆವತ್ತನೂ ಬಂದಿತ್ತು ಯವ್ವಾ. ಇದ ಮಾತು, ಇದ ಹೊತ್ತು. ಆವತ್ತ ರಾತ್ರಿನ ಲಾಕ್‌ಡೌನ್ ಆಗಿ ಮರುದಿನ ಬಸ್ ಬಂದ್. ಗಾಡಿ ಸಿಗಲಿಲ್ಲ. ಮೂರು ದಿನ ಉಸುರು ಎಳದು ಹೋದ್ರು." ಆಕೆ ಅಳಲಿಲ್ಲ. "ಈ ಸಲ ಬಸ್ ಇತ್ತು. ಬಂದೆ."

ನಂದಾ ಮುಖ ತಿರುಗಿಸಿದಳು. ಬೋರವ್ವನ ಮಾತಿನಲ್ಲಿ ಶಾಂಭವಿಗೆ ಒಂದು ತಾರೀಖು ಸಿಕ್ಕಿತು. ರಾತ್ರಿಯಿಂದ ಲಾಕ್‌ಡೌನ್ ಶುರುವಾದ ದಿನ. ಎರಡು ಸಾವಿರದ ಇಪ್ಪತ್ತೊಂದು, ಏಪ್ರಿಲ್ ಇಪ್ಪತ್ತೇಳು. ದಾಖಲೆಗಳನ್ನು ತೆಗೆದು ನೋಡಿದಳು. ಎಲ್ಲವೂ ಅದೇ ದಿನದ ಸಂಜೆ ನಾಲ್ಕು ನಲವತ್ತಕ್ಕೆ ನಿಂತಿದ್ದವು. ಅಂದಿನ ಸರದಿಗಳು ಇನ್ನೂ ಬಾಕಿ, ನೆನಪಿಸುವ ಸಂದೇಶಗಳನ್ನು ಇನ್ನೂ ಕಳಿಸಿಲ್ಲ ಎಂದು ಅದರ ಲೆಕ್ಕ. ನಿನ್ನೆ ಸಂಜೆ ಐದಾದ ಕೂಡಲೇ ಬಾಕಿ ಉಳಿದದ್ದನ್ನೆಲ್ಲ ಕಳಿಸಿಬಿಟ್ಟಿತ್ತು.

ಆಗ ಅವಳಿಗೆ ನೆನಪಾಯಿತು: ನಿನ್ನೆ ಹಳೇ ಸರ್ವರಿನ ಫೋಲ್ಡರಿನಲ್ಲಿ ದೊಡ್ಡ ಡಿಸ್ಕು ಫೈಲಿನ ಪಕ್ಕ ಇನ್ನೊಂದು ಇತ್ತು. ಅದೇ ಹೆಸರು, ಕೊನೆಗೆ ಸೊನ್ನೆಗಳ ಸಾಲು ಮತ್ತು ಒಂದು. ಯಾವುದೋ ಉಳಿಕೆ ಎಂದುಕೊಂಡು ಅವಳು ಅದನ್ನು ಮುಟ್ಟಿರಲಿಲ್ಲ. ಅದು ಸ್ನ್ಯಾಪ್‌ಶಾಟಿನ ಫೈಲು. ಸ್ನ್ಯಾಪ್‌ಶಾಟ್ ತೆಗೆದ ಕ್ಷಣಕ್ಕೆ ಮೂಲ ಡಿಸ್ಕು ಹೆಪ್ಪುಗಟ್ಟುತ್ತದೆ, ಆಮೇಲೆ ಬರೆದದ್ದೆಲ್ಲ ಎರಡನೇ ಫೈಲಿಗೆ ಹೋಗುತ್ತದೆ. ಮೂಲವೊಂದನ್ನೇ ಬದಲಿಸಿದರೆ ಒಂದು ಚೂರೂ ಕೆಡದ, ಆದರೆ ಆ ಕ್ಷಣದಾಚೆ ಏನೂ ಗೊತ್ತಿಲ್ಲದ ಮಷಿನ್ ಸಿಗುತ್ತದೆ. ನಾಲ್ಕು ವರ್ಷದ ರೋಗಿಗಳೆಲ್ಲ ಆ ಎರಡನೇ ಫೈಲಿನಲ್ಲಿದ್ದರು. ರಾತ್ರಿಯ ಬ್ಯಾಕಪ್ಪುಗಳೂ ಅದೇ ಡಿಸ್ಕಿನೊಳಗೇ ಬೀಳುತ್ತಿದ್ದವು. ಆ ಫೈಲು ಇದ್ದದ್ದು ಸಿದ್ದರಾಯನ ಅಂಗಡಿಯಲ್ಲಿ.

ಅವಳು ಫೋನು ಹಚ್ಚಿದಳು.

"ಸಿದ್ದರಾಯ್, ನಮ್ಮ ಸರ್ವರ್ ಒರಿಸಿದ್ರೇನ್ರಿ?"

"ಒರಿಸಾಕ ಪೆನ್‌ಡ್ರೈವ್ ಹಚ್ಚಿ ಕುಂತೇನ್ರಿ ಮೇಡಂ. ಕರೆಂಟ ಹೋಗೇತಿ. ಬಂತಂದ್ರ ಚಾಲೂ ಮಾಡ್ತೀನಿ."

"ಮಾಡಬ್ಯಾಡ್ರಿ! ಪೆನ್‌ಡ್ರೈವ್ ಕೀಳ್ರಿ. ಈಗಿಂದೀಗ ಕೀಳ್ರಿ, ನಾ ಬರಾಕತ್ತೇನಿ."

ಹೊರಡುವ ಮುಂಚೆ ಹೊಸ ಮಷಿನ್ನನ್ನು ಬಂದ್ ಮಾಡಿದಳು, ಇನ್ನೊಂದು ಸಂಜೆ ಐದು ಅದಕ್ಕೆ ಸಿಗಬಾರದೆಂದು. ನಂದಾ ಕಾಗದದ ಮೇಲೆ ಹೆಸರು ಬರೆದುಕೊಂಡು ರೋಗಿಗಳನ್ನು ಒಳಗೆ ಕರೆದಳು. ಮೂರನೇ ಹಾಸಿಗೆಗೆ ಶ್ರೀಮಂತ ಹೋಗಿ ಮಲಗಿದ. ಬೋರವ್ವ ಬಾಗಿಲಲ್ಲೇ ನಿಂತು ಆ ಹಾಸಿಗೆಯನ್ನು ನೋಡುತ್ತಿದ್ದಳು.

ಇಬ್ರಾಹಿಂಪುರದಲ್ಲಿ ರೈಲು ಹಳಿಯ ಪಕ್ಕದ ಅಂಗಡಿ. ಕರೆಂಟು ಬಂದ ಮೇಲೆ ಹಳೇ ಸರ್ವರು ಎಂದಿನಂತೆ ಎದ್ದಿತು. ಸ್ನ್ಯಾಪ್‌ಶಾಟುಗಳ ಪಟ್ಟಿಯಲ್ಲಿ ಒಂದೇ ಸಾಲು: *ಅಪ್‌ಡೇಟ್ ಮುಂಚೆ. ನಾಳೆ ಅಳಿಸೋದು. ಜಾವೀದ.* ಸಮಯ ನಾಲ್ಕು ನಲವತ್ತು. ಮರುದಿನ ಅಳಿಸಿದ್ದರೆ ಎರಡನೇ ಫೈಲು ಮೂಲದೊಳಗೆ ಕೂಡಿಹೋಗುತ್ತಿತ್ತು.

ಜಾವೀದ ಕೋವಿಡ್ ಕಾಲದಲ್ಲಿ ಅವಳ ಕುರ್ಚಿಯಲ್ಲಿದ್ದವನು, ಈಗ ಬೆಳಗಾವಿಯಲ್ಲಿದ್ದಾನೆ. ಶಾಂಭವಿ ಕರೆ ಮಾಡಿ ಆ ಸಾಲನ್ನು ಓದಿ ಹೇಳಿದಳು.

"ಆವತ್ತ ಸಂಜೀಕ ಜ್ವರ ಬಂತರಿ. ಎರಡು ತಿಂಗಳು ಆಕ್ಸಿಜನ್ ಮ್ಯಾಲಿದ್ದೆ. ವಾಪಸ್ ಬರಲೇ ಇಲ್ಲ. ಆ ನಾಳೆ ನನಗೂ ಬರಲಿಲ್ಲರಿ."

ಶಾಂಭವಿ ಈ ಸಲ ಎರಡನೇ ಫೈಲಿನಿಂದ ಶುರು ಮಾಡಿದಳು. ಮೂಲವನ್ನು ಕೆದಕದೆ, ಎರಡನ್ನೂ ಕೂಡಿಸಿ ಹೊಸದೊಂದು ಇಡೀ ಡಿಸ್ಕಿನ ಪ್ರತಿ ತೆಗೆದಳು. ಅದನ್ನು ಕೇಂದ್ರಕ್ಕೆ ತಂದು ಕ್ಯೂಕೌಗೆ ಬದಲಿಸಿದಳು. ಮಧ್ಯಾಹ್ನ ಮೂರಾಯಿತು. ಮಷಿನ್ ಎದ್ದಾಗ ಮೊದಲು ತನ್ನ ಹೆಸರು ಒತ್ತಿದಳು. ಒಳಗೆ ಬಿಟ್ಟಿತು. ಶ್ರೀಮಂತನಿದ್ದ, ಶನಿವಾರದವರೆಗಿನ ಎಲ್ಲರೂ ಇದ್ದರು. ಬೀರಣ್ಣನ ಹೆಸರಿನ ಮುಂದೆ ಯಾರೋ ಮೂರು ಅಕ್ಷರ ಬರೆದಿದ್ದರು: ಮೃತರು.

ಬೋರವ್ವ ಇನ್ನೂ ಬೆಂಚಿನ ಮೇಲೆ ಇದ್ದಳು. ನಂದಾ ಕೊಟ್ಟ ಚಹಾ ಆರಿತ್ತು.

"ಸರಿ ಮಾಡಿದಿ ಏನವ್ವಾ?"

"ಮಾಡಿದೆ ಅಕ್ಕಾ. ನೀವು ಬರಲಿಲ್ಲಂದ್ರ ಈ ಮಂದೀದು ಎಲ್ಲಾ ಹೋಗತಿತ್ತು."

"ಆ ಮೆಸೇಜ ಕಳಿಸಿದ ಇನ್ನೊಂದು? ಅವರು ಬದುಕಿದ್ದು?"

ಶಾಂಭವಿ ಸುಳ್ಳು ಹೇಳಲಿಲ್ಲ. "ಅದು ಇನ್ನೂ ಐತಿ. ಬಂದ್ ಮಾಡಿ ಇಟ್ಟೇನಿ. ಹಚ್ಚಿದ್ರ ಮತ್ತ ಅದ ಸಂಜಿ."

ಬೋರವ್ವ ಕಂಬಳಿ ಸರಿಪಡಿಸಿಕೊಂಡಳು. "ಅಳಿಸಿಬಿಡವ್ವಾ. ಅವರಿಗೆ ಬರಾಕ ಆಗೂದಿಲ್ಲ. ಬಾ ಬಾ ಅಂತ ಕರಕೋತ ಕುಂದ್ರೂದು ಪಾಪ."

ಅವಳನ್ನು ಊರ ದಾರಿಯ ಬಬಲೇಶ್ವರದ ಬಸ್ಸಿಗೆ ಹತ್ತಿಸಿ ಬಂದು ಶಾಂಭವಿ ಸಂದೇಶ ಹೋದ ಉಳಿದ ಹತ್ತು ನಂಬರುಗಳಿಗೂ ಕರೆ ಮಾಡಿ ಕ್ಷಮೆ ಕೇಳಿದಳು. ಒಬ್ಬರು ಬೈದರು. ಮೂರು ನಂಬರು ಚಾಲ್ತಿಯಲ್ಲಿರಲಿಲ್ಲ. ನಿಡೋಣಿಯಲ್ಲಿ ಒಬ್ಬಾಕೆ, "ಆ ಮೆಸೇಜ ಮತ್ತೊಮ್ಮಿ ಓದಿ ಹೇಳ್ರಿ," ಎಂದಳು. ಓದಿದಳು. ಆಕೆ ಪೂರ್ತಿ ಕೇಳಿ ಫೋನು ಇಟ್ಟಳು.

ಆಮೇಲೆ ಶಾಂಭವಿ ಭಾನುವಾರ ಮಾಡಿದ ಆ ಮೊದಲ ಕ್ಯೂಕೌ ಫೈಲಿನ ಹೆಸರನ್ನು ಎರಡು ಸಲ ಗಟ್ಟಿಯಾಗಿ ಓದಿಕೊಂಡು ಅಳಿಸಿದಳು. ಇಷ್ಟು ದೊಡ್ಡ ಫೈಲು ಹೋಗಲು ತುಸು ಹೊತ್ತು ಹಿಡಿಯುತ್ತದೆ ಎಂದುಕೊಂಡಿದ್ದಳು. ಕಣ್ಣು ಮಿಟುಕಿಸುವಷ್ಟೂ ಹಿಡಿಯಲಿಲ್ಲ.