ನನ್ನ ಬಾಯಿಗೆ ಬೀಗ ಹಾಕಿದ ಎರಡು ಸಾಲು

ಇವೋನೆ ಟಿವಿಯ ರಿಮೋಟ್ ಕೈಗೆತ್ತಿಕೊಂಡಾಗಲೇ ಕಸಿದುಕೊಳ್ಳಲು ನನ್ನ ಕೈ ಮುಂದೆ ಹೋಯಿತು. ರೆಸಿಫಿ ನಗರದ ಈ ಮನೆಯಲ್ಲಿ ಐದು ವರ್ಷದಿಂದ ಆ ರಿಮೋಟ್ ನನ್ನದು.

ಅಕ್ಕ ಜುರೆಮಾಳಿಗೆ ಕಣ್ಣು ಹೋಗಿ ಐದು ವರ್ಷ. ಭಾವ ಓಸ್ಮಾರ್ ಹುಟ್ಟಾ ಕಿವುಡ. ಅಕ್ಕ ಈಗಲೂ ಅವನಿಗೆ ಕೈಸನ್ನೆಯಲ್ಲಿ ಹೇಳಬಲ್ಲಳು, ಅವನ ಉತ್ತರ ಮಾತ್ರ ಅವಳಿಗೆ ಕಾಣದು. ಅದನ್ನು ನಾನು ಹೇಳುತ್ತಿದ್ದೆ. ಧಾರಾವಾಹಿಯಲ್ಲಿ ಕಂಡದ್ದು ಅವಳಿಗೆ, ಕೇಳಿದ್ದು ಅವನಿಗೆ, ಎಲ್ಲವೂ ನನ್ನ ಮೂಲಕವೇ. ಅದಕ್ಕೇ ನನಗೆ ಹಿತ್ತಲ ಕೋಣೆ, ಎರಡು ಹೊತ್ತು ಊಟ. ಅವರಿಬ್ಬರೂ ನೇರವಾಗಿ ಮಾತಾಡಿಕೊಂಡರೆ ನಾನು ನನ್ನ ಸೊಸೆಯ ಮನೆಯ ಸೋಫಾದ ಮೇಲೆ ಬಿದ್ದಿರಬೇಕಾಗುತ್ತಿತ್ತು. ಆ ಹೆಂಗಸಿನ ಮುಖ ನೋಡುವುದಕ್ಕಿಂತ ಸಾಯುವುದು ಮೇಲು.

ಇವೋನೆ ಭಾವನ ತಮ್ಮನ ಮಗಳು, ಕಿವುಡರ ಸಂಘದಲ್ಲಿ ಕೆಲಸ. ಮೆಕ್ಕೆಜೋಳದ ಹಿಟ್ಟು ಬೇಯಿಸಿದ ಕುಸ್ಕುಸ್ ತಿಂದು ಕೈ ಒರೆಸಿಕೊಂಡವಳೇ, "ದೊಡ್ಡಮ್ಮ, ನಿಮ್ಮ ಟಿವಿಲಿ ಕಾಣದವರಿಗೆ ದೃಶ್ಯ ಹೇಳೋ ವಿವರಣೆಯ ಧ್ವನಿ ಹಾಕೊಂಡಿಲ್ವಾ?" ಅಂದಳು.

"ನಿವಾಲ್ದಾ ಹೇಳಿದ್ಲಲ್ಲಾ, ನಮ್ಮ ಟಿವಿಲಿ ಅದೆಲ್ಲ ಬರಲ್ಲ ಅಂತ" ಎಂದು ಅಕ್ಕ ನನ್ನ ಹೆಸರೆತ್ತಿದಳು.

"ಬರಲ್ಲ!" ಎಂದೆ. "ಹಳೇ ಪೆಟ್ಟಿಗೆ ಅದು. ಸುಮ್ನೆ ಕೆಡಿಸ್ಬೇಡ."

ಕೇಳುವವರು ಯಾರು? ನಿನ್ನೆಯ ಕಂತು ಹಾಕಿ, ನಡುವೆ ತಡೆದು, ಧ್ವನಿ ಮತ್ತು ಅಡಿಬರಹದ ಪಟ್ಟಿ ತೆರೆದಳು. ಧ್ವನಿಯಲ್ಲಿ 'ಪೋರ್ಚುಗೀಸ್' ಎಂಬುದರ ಕೆಳಗೇ 'ಪೋರ್ಚುಗೀಸ್, ವಿವರಣೆ ಸಹಿತ'. ಅದನ್ನು ಒತ್ತಿದಳು. ಅಡಿಬರಹ 'ಇಲ್ಲ' ಎಂದಿತ್ತು, ಅದನ್ನು 'ಸದ್ದುಗಳ ಸಹಿತ' ಮಾಡಿದಳು.

"ಎರಡೂ ಒಟ್ಟಿಗೆ ಹಾಕಿದ್ರೆ ಒಂದಕ್ಕೊಂದು ಅಡ್ಡ ಬರುತ್ತೆ" ಎಂದೆ.

"ಯಾಕೆ ಬರುತ್ತೆ ಚಿಕ್ಕಮ್ಮ? ಒಂದು ಕಿವಿಗೆ, ಇನ್ನೊಂದು ಕಣ್ಣಿಗೆ" ಎಂದು ಹಲ್ಲು ಬಿಟ್ಟಳು. ಕಪಾಳಕ್ಕೆ ಬಾರಿಸಬೇಕೆನಿಸಿತು.

ಕಥೆಯಲ್ಲಿ ಹೆಂಡತಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಾತು ನಿಂತಿತು. ಆ ಬಿಡುವಿನಲ್ಲಿ ಗಂಡಸೊಬ್ಬನ ಶಾಂತ ಧ್ವನಿ ಬಂತು: "ಗಂಡ ಮುಚ್ಚಿದ ಬಾಗಿಲಿಗೆ ಹಣೆ ಒತ್ತಿ ನಿಂತಿದ್ದಾನೆ. ಅವನ ಕೆನ್ನೆ ಒದ್ದೆಯಾಗಿದೆ."

ಅದೇ ಹೊತ್ತಿಗೆ ಪರದೆಯ ಕೆಳಗೆ ಚೌಕ ಕಂಸದಲ್ಲಿ ಅಕ್ಷರ ಮೂಡಿತು: [ಬಾಗಿಲ ಹಿಂದೆ ಹೆಂಗಸು ಬಿಕ್ಕಿ ಅಳುವ ಸದ್ದು].

"ಒದ್ದೆನಾ?" ಅಕ್ಕ ನನ್ನ ಕಡೆ ತಿರುಗಿದಳು. "ನಿನ್ನೆ ಏನು ಹೇಳ್ದೆ ನೀನು? ಬೆನ್ನು ತಿರುಗಿಸಿ ಹೊರಟೋದ ಅಂದೆ."

"ಅಯ್ಯೋ, ಕಥೆ ತಾನೇ. ಸ್ವಲ್ಪ ಖಾರ ಹಾಕ್ದೆ."

ಭಾವ ನನ್ನ ಮುಖದೆದುರು ಕೈ ಆಡಿಸಿದ: 'ಒಳಗೆ ಅವಳು ಮಲಗಿದ್ದಾಳೆ, ಸದ್ದೇ ಇಲ್ಲ ಎಂದಿದ್ದೆಯಲ್ಲ?' ನಾನು ಅತ್ತ ನೋಡಲಿಲ್ಲ. ಇವೋನೆ ಅದನ್ನು ಜೋರಾಗಿ ಹೇಳಿಬಿಟ್ಟಳು, ಮಿಟುಕಲಾಡಿ.

ಅಕ್ಕನ ಮುಖ ಕಲ್ಲಾಯಿತು. ಅವಳು ಏನು ಎಣಿಸುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಕಣ್ಣು ಇನ್ನು ಬರುವುದಿಲ್ಲ ಎಂದು ಡಾಕ್ಟರು ಹೇಳಿದ ದಿನ ಅವಳೂ ಹೀಗೇ ಬಾಗಿಲು ಹಾಕಿಕೊಂಡಿದ್ದಳು. ಮೂರು ದಿನ ಅತ್ತಳು.

"ನಿವಾಲ್ದಾ" ಎಂದಳು ಮೆಲ್ಲಗೆ. "ಆವತ್ತು ಇವರೇನು ಮಾಡ್ತಿದಾರೆ ಅಂತ ಕೇಳಿದ್ದಕ್ಕೆ ಏನಂದೆ?"

"ನೆನಪಿಲ್ಲ."

"ನಂಗಿದೆ. ಫುಟ್‌ಬಾಲ್ ನೋಡ್ತಾ ಕೂತಿದಾನೆ ಅಂದೆ."

ಭಾವನಿಗೆ ನಾನು ಹೇಳಿದ್ದು ಬೇರೆ: ನಿದ್ದೆ ಮಾಡುತ್ತಿದ್ದಾಳೆ, ನೀನು ಹತ್ತಿರ ಬರಬಾರದಂತೆ. ಅಂದಿನಿಂದ ಅವರಿಗೆ ಬೇರೆ ಬೇರೆ ಮಂಚ, ನನಗೆ ಹಿತ್ತಲ ಕೋಣೆ. ಈಗಲೂ ಪಶ್ಚಾತ್ತಾಪವಿಲ್ಲ, ಸಿಕ್ಕಿಬಿದ್ದ ಸಿಟ್ಟಷ್ಟೇ.

ಅಕ್ಕ ಎದ್ದಳು. ಮೇಜಿನ ಅಂಚು ತಡವುತ್ತಾ ಭಾವನ ಕುರ್ಚಿಯವರೆಗೆ ಹೋದಳು. ನಾನು ಹಿಡಿಯಲು ಹೋದರೆ ಮೊಣಕೈಯಿಂದ ತಳ್ಳಿದಳು. ಅವನ ಎರಡೂ ಕೈ ಹುಡುಕಿ, ಅವುಗಳ ಮೇಲೆ ತನ್ನ ಅಂಗೈ ಇಟ್ಟಳು.

"ನಿಧಾನಕ್ಕೆ ಹೇಳೋಕೆ ಹೇಳು" ಎಂದಳು ಇವೋನೆಗೆ. "ಮುಟ್ಟಿ ಓದ್ತೀನಿ."

ಇಷ್ಟು ದಿನ ಇದು ಅವಳಿಗೆ ಹೊಳೆಯದಂತೆ ನಾನು ಬಿಡುವಿಲ್ಲದೆ ಮಾತಾಡುತ್ತಲೇ ಇದ್ದೆನಲ್ಲ. ಭಾವನ ಬೆರಳು ಅವಳ ಅಂಗೈ ಕೆಳಗೆ ಆಡಿತು, ಒಮ್ಮೆ ತಪ್ಪಿತು, ಮತ್ತೆ ಆಡಿತು. ನನಗೆ ಎಲ್ಲ ಕಾಣುತ್ತಿತ್ತು: 'ಬಾಗಿಲ ಹೊರಗೇ ಇದ್ದೆ. ಮೂರು ದಿನವೂ.' ಏನಂದ ಎಂದು ನನ್ನನ್ನು ಯಾರೂ ಕೇಳಲಿಲ್ಲ.

ಅಕ್ಕ ಅವನ ಕೈಯನ್ನು ತನ್ನ ಕೆನ್ನೆಗೊತ್ತಿಕೊಂಡಳು. ಆಮೇಲೆ ನನ್ನತ್ತ ತಿರುಗದೆಯೇ, "ನಾಳೆ ಬೆಳಿಗ್ಗೆ ಕೋಣೆ ಬೀಗದ ಕೈ ಮೇಜಿನ ಮೇಲಿಟ್ಟು ಹೊರಡು" ಎಂದಳು.

ಭಾವನಿಗೆ ಅದು ಕೇಳಿಸಲಿಲ್ಲ. ಅಕ್ಕ ಕೈ ಎತ್ತಿ ಅದನ್ನು ತಾನೇ ಅವನಿಗೆ ಹೇಳಿದಳು.