ಹಳೇ ಹೆಸರಿನ ವಾಲೆಟ್ಟು

ಶಾಲೆಯ ಮಕ್ಕಳನ್ನು ಕರೆದೊಯ್ಯುವ ಆ ಹಳದಿ ವ್ಯಾನಿಗೆ ಒಡತಿಯೂ ಅವಳೇ, ಡ್ರೈವರೂ ಅವಳೇ. ಹಾಗಾಗಿ ಊರಿಗೆಲ್ಲ ಅವಳು ವ್ಯಾನಕ್ಕ. ರಜೆ ಮುಗಿಯುವುದರೊಳಗೆ ಕ್ಲಚ್ ಸರಿಮಾಡಿಸೋಣವೆಂದು ವ್ಯಾನನ್ನು ಗ್ಯಾರೇಜಿನಲ್ಲಿ ಬಿಟ್ಟಿದ್ದಳು. ಕೆಲಸ ಮುಗಿದಿತ್ತು. ಮೆಕ್ಯಾನಿಕ್ ಕೈಯ ಗ್ರೀಸು ಒರೆಸಿಕೊಳ್ಳುತ್ತ ಗೋಡೆಗೆ ಅಂಟಿಸಿದ್ದ ಕ್ಯೂಆರ್ ಕೋಡ್ ಕಡೆ ಗದ್ದ ಎತ್ತಿದ. ಅವಳು ಫೋನು ಹಿಡಿದಳು. ದುಡ್ಡು ಹೋಗಲಿಲ್ಲ. ಇನ್ನೊಮ್ಮೆ ಹಿಡಿದಳು. ಪರದೆಯ ಮೇಲೆ ಕೆಂಪಕ್ಷರ ಮೂಡಿತು: ‘ಪರಿಶೀಲನೆ ವಿಫಲವಾಗಿದೆ. ನಿಮ್ಮ ಖಾತೆಯನ್ನು ತಾತ್ಕಾಲಿಕವಾಗಿ ಸ್ಥಗಿತಗೊಳಿಸಲಾಗಿದೆ.’

“ನೆಟ್‌ವರ್ಕ್ ಇರಲ್ಲ ಅಕ್ಕ ಇಲ್ಲಿ. ಹೊರಗೆ ನಿಂತು ನೋಡಿ,” ಎಂದ ಮೆಕ್ಯಾನಿಕ್.

ಹೊರಗೆ ನಿಂತರೂ ಅದೇ ಕೆಂಪಕ್ಷರ. ಅದರ ಕೆಳಗೆ ಅವಳ ದುಡ್ಡಷ್ಟೂ ಅಂಕಿಯಾಗಿ ಕೂತಿತ್ತು. ಮಕ್ಕಳ ಅಪ್ಪಅಮ್ಮಂದಿರು ಹೊಸ ಟರ್ಮಿಗೆಂದು ಮುಂಗಡವಾಗಿ ಹಾಕಿದ್ದ ವ್ಯಾನ್ ಫೀಸು ಅದು. ಬ್ಯಾಂಕಿಗೆ ಹಾಕಿಕೊಳ್ಳೋಣ ನಾಳೆ, ನಾಳೆ ಎಂದುಕೊಂಡೇ ಆ್ಯಪಿನ ವಾಲೆಟ್ಟಿನಲ್ಲೇ ಉಳಿಸಿದ್ದಳು. ಕಣ್ಣಿಗೆ ಕಾಣುತ್ತಿತ್ತು, ಕೈಗೆ ಸಿಗುತ್ತಿರಲಿಲ್ಲ. ಮೆಕ್ಯಾನಿಕ್ ತಲೆ ಕೆರೆದುಕೊಂಡ. “ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತಲ್ಲ ಅಕ್ಕ. ಪಾರ್ಟ್ಸ್ ಅಂಗಡಿಯವನು ನನ್ನ ಕುತ್ತಿಗೆ ಮೇಲೆ ಕೂತವ್ನೆ,” ಎಂದ. ವ್ಯಾನು ಅಲ್ಲೇ ಉಳಿಯಿತು.

ಸಹಾಯವಾಣಿಗೆ ಫೋನು ಮಾಡಿದಳು. ಒಂದನ್ನು ಒತ್ತಿ, ಮೂರನ್ನು ಒತ್ತಿ, ಮತ್ತೆ ಒಂದನ್ನು ಒತ್ತಿ ಕಿವಿ ಬಿಸಿಯಾದ ಮೇಲೆ ಒಬ್ಬ ಹುಡುಗ ಸಿಕ್ಕಿದ.

“ಸೆಕ್ಯೂರಿಟಿ ಕಾರಣಕ್ಕೆ ನಿಲ್ಸಿದಾರೆ ಮೇಡಂ.”

“ಏನು ಕಾರಣ ಅಂತ ಹೇಳಿ.”

“ಅದು ನಮ್ಮ ಸ್ಕ್ರೀನಲ್ಲಿ ತೋರ್ಸಲ್ಲ ಮೇಡಂ. ಕಂಪ್ಲೇಂಟ್ ದಾಖಲು ಮಾಡ್ತೀನಿ, ಮೆಸೇಜ್ ಬರುತ್ತೆ.”

ಮೆಸೇಜೇನೋ ಬಂತು. ‘ನಿಮ್ಮ ದೂರು ಬಗೆಹರಿದಿದೆ. ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ?’ ಎಂದು ಕೇಳಿತ್ತು. ಕೆಂಪಕ್ಷರ ಮಾತ್ರ ಇದ್ದಲ್ಲೇ ಇತ್ತು.

ಅಡುಗೆಮನೆಯಲ್ಲಿ ಅಮ್ಮ ಚಹಾ ಲೋಟ ಕುಕ್ಕಿದಳು. “ಇದು ಅವನದೇ ಕೆಲಸ ಕಣೇ. ಬೇರೆ ಯಾರಿಗಿದೆ ನಿನ್ನ ಮೇಲೆ ಅಷ್ಟು ಹೊಟ್ಟೆಕಿಚ್ಚು?”

ಅವನು ಎಂದರೆ ಅವಳ ಗಂಡ, ಈಗ ಗಂಡನಲ್ಲ. ಕೋರ್ಟಿನಲ್ಲಿ ಬೇರೆಯಾದ ದಿನ ಮೆಟ್ಟಿಲ ಮೇಲೆ ನಿಂತು, “ಆ ವ್ಯಾನು ಎಷ್ಟು ದಿನ ಓಡಿಸ್ತೀಯೋ ನಾನೂ ನೋಡ್ತೀನಿ,” ಎಂದಿದ್ದ. ಅಮ್ಮ ಆಡಿದ್ದು ಅವಳ ಮನಸ್ಸಿನಲ್ಲೇ ಮಗ್ಗುಲು ಬದಲಿಸುತ್ತಿದ್ದ ಮಾತು. ನನ್ನ ಮೇಲೆ ಏನಾದರೂ ಪಿರ್ಯಾದು ಕೊಟ್ಟನೇ? ದುಡ್ಡು ತನ್ನದು ಅಂದನೇ? ಕಾರಣ ಗೊತ್ತಿಲ್ಲದ ಕಡೆ ಅವನ ಮುಖವೇ ಬಂದು ಕೂರುತ್ತಿತ್ತು. ತಡೆಯಲಾಗದೆ ಅವನ ನಂಬರು ಒತ್ತಿದಳು, ರಿಂಗಾಗುವ ಮೊದಲೇ ಕತ್ತರಿಸಿದಳು. ಫೋನು ಮೇಜಿನ ಮೇಲೆ ಬೋರಲು ಹಾಕಿ, “ಕಾರಣ ಯಾರ ಹತ್ರ ಇದೆಯೋ ಅವರನ್ನೇ ಕೇಳ್ತೀನಮ್ಮ,” ಎಂದಳು.

ಆ್ಯಪಿನ ತಳದಲ್ಲಿ, ಯಾರೂ ಓದದ ಸಣ್ಣಕ್ಷರದ ನಡುವೆ, ದೂರು ಅಧಿಕಾರಿಯ ಈಮೇಲ್ ಇತ್ತು. ಸಹಾಯವಾಣಿಯಿಂದ ಪರಿಹಾರ ಸಿಗದವರು ಇಲ್ಲಿಗೆ ಬರೆಯಿರಿ, ಇಲ್ಲೂ ಆಗದಿದ್ದರೆ ಗ್ರಾಹಕರ ದೂರು ವಿಚಾರಿಸುವ ಮೇಲಿನ ಒಂಬುಡ್ಸ್‌ಮನ್‌ಗೆ ದೂರಬಹುದು ಎಂದಿತ್ತು. ಅವಳು ಹಳೆಯ ದೂರಿನ ಸಂಖ್ಯೆ ಹಾಕಿ, ಕೆಂಪಕ್ಷರದ ಫೋಟೋ ಲಗತ್ತಿಸಿ, ಅಡ್ಡಮಾತಿಲ್ಲದೆ ಬರೆದಳು: ‘ನನ್ನ ದುಡ್ಡು ಬಿಡುಗಡೆ ಮಾಡಿ. ಯಾಕೆ ತಡೆದಿರಿ ಎಂಬುದನ್ನೂ ಬರಹದಲ್ಲಿ ತಿಳಿಸಿ. ದುಡ್ಡು ಮಾತ್ರ ಬಂದು ಕಾರಣ ಬರದಿದ್ದರೆ ನನ್ನ ದೂರು ಮುಗಿದಂತಲ್ಲ.’ ಕಡೆಯ ಸಾಲು ಬರೆದ ಮೇಲೆ ತನ್ನ ಧೈರ್ಯಕ್ಕೆ ತಾನೇ ಬೆರಗಾದಳು.

ಶಾಲೆ ತೆರೆಯುವ ದಿನ ಇನ್ನೇನು ಬಂತು ಎನ್ನುವಾಗ ಬೆಳಿಗ್ಗೆ ಒಂದು ಕರೆ ಬಂತು. ದೂರು ವಿಭಾಗದ ಅಧಿಕಾರಿ, ಹೆಂಗಸು, ದನಿಯಲ್ಲಿ ಅವಸರವಿರಲಿಲ್ಲ.

“ನಿಮ್ಮ ಫೈಲು ಪೂರ್ತಿ ಓದಿದೆ ಮೇಡಂ. ಮರುಪರಿಶೀಲನೆಗೆ ಅಂತ ಹೊಸ ಗುರುತಿನ ಚೀಟಿ ಅಪ್‌ಲೋಡ್ ಮಾಡಿದ್ರಲ್ಲ, ಅದರಲ್ಲಿರೋ ಹೆಸರು ಬೇರೆ, ವಾಲೆಟ್ಟಲ್ಲಿರೋ ಹೆಸರು ಬೇರೆ. ಬೇರೆ ಯಾರೋ ನಿಮ್ಮ ಖಾತೆಗೆ ಕೈ ಹಾಕ್ತಿದಾರೆ ಅಂದ್ಕೊಂಡು ಸಿಸ್ಟಮ್ಮು ಬಾಗಿಲು ಹಾಕ್ಕೊಂಡುಬಿಟ್ಟಿದೆ.”

ಅವಳಿಗೆ ತಟ್ಟನೆ ಹೊಳೆಯಿತು. ರಜೆಯ ಮೊದಲಲ್ಲಿ ಆ್ಯಪು ಕೇಳಿತೆಂದು ಹೊಸ ಚೀಟಿಯ ಫೋಟೋ ಹಾಕಿ ಮರೆತಿದ್ದಳು. ಬೇರೆಯಾದ ಮೇಲೆ ತವರಿನ ಹೆಸರಿಗೆ ಮರಳಿದ್ದಳು. ಗುರುತಿನ ಚೀಟಿ, ಬ್ಯಾಂಕು, ಲೈಸೆನ್ಸು ಎಲ್ಲ ಕಡೆ ತಿದ್ದಿಸಿದ್ದಳು. ವಾಲೆಟ್ಟು ನೆನಪೇ ಆಗಿರಲಿಲ್ಲ. ಅದು ಇನ್ನೂ ಅವನ ಮನೆಯ ಹೆಸರಿನಲ್ಲೇ ಇತ್ತು.

“ಅಷ್ಟೇನಾ?” ಎಂದಳು. “ಯಾರೂ ನನ್ನ ಮೇಲೆ ಕಂಪ್ಲೇಂಟ್ ಕೊಟ್ಟಿಲ್ವಾ?”

“ಇಲ್ಲಪ್ಪ. ಹುಟ್ಟಿದ ದಿನ, ಫೋಟೋ ಎಲ್ಲ ಹೊಂದುತ್ತೆ. ಹೆಸರೊಂದೇ ತಕರಾರು.”

ವ್ಯಾನಕ್ಕ ಸ್ಟೂಲು ಎಳೆದುಕೊಂಡು ಕೂತಳು. ದುಡ್ಡು ಇನ್ನೂ ಬಂದಿರಲಿಲ್ಲ, ಆದರೂ ಎದೆಯ ಮೇಲಿನ ಕಲ್ಲು ಇಳಿಯಿತು. ಎಷ್ಟು ದಿನ ಸುಮ್ಮನೆ ಅವನನ್ನು ತಲೆಯೊಳಗೆ ಕೂರಿಸಿಕೊಂಡಿದ್ದೆನಲ್ಲ ಎಂದು ನಗು ಬಂತು.

ಪಕ್ಕದಲ್ಲಿ ಕಿವಿಗೊಟ್ಟು ನಿಂತಿದ್ದ ಅಮ್ಮ ಪಿಸುಗುಟ್ಟಿದಳು: “ಹಳೇ ಚೀಟಿ ಫೋಟೋ ಇರಬೇಕಲ್ಲೇ ನಿನ್ನ ಫೋನಲ್ಲಿ. ಅದನ್ನೇ ಕಳ್ಸು. ದುಡ್ಡು ಈಚೆ ಬರಲಿ ಮೊದ್ಲು.”

ಅಧಿಕಾರಿಗೂ ಕೇಳಿಸಿತು. “ಅದು ರದ್ದಾಗಿರುತ್ತಮ್ಮ. ಕಳಿಸಿದ್ರೆ ಮತ್ತೆ ಸಿಕ್ಕಾಕ್ಕೊಳ್ತೀರ.”

“ಸಿಕ್ಕಾಕ್ಕೊಳ್ಳದಿದ್ರೂ ಕಳಿಸಲ್ಲ,” ಎಂದಳು ಮಗಳು. “ಆ ಹೆಸರಿಂದ ಹೊರಗೆ ಬರೋಷ್ಟರಲ್ಲೇ ನನಗೆ ಸಾಕುಸಾಕಾಗಿದೆ. ಏನು ಕಳಿಸ್ಬೇಕು ಹೇಳಿ ಮೇಡಂ.”

ಎರಡೂ ಹೆಸರು ಒಬ್ಬಳದೇ ಎಂದು ಹೇಳುವ ದಾಖಲೆ ಬೇಕಿತ್ತು. ಬೀರುವಿನಲ್ಲಿ ಬಟ್ಟೆಗಳಡಿ ಕೋರ್ಟಿನ ಆದೇಶವಿತ್ತು. ಅರ್ಜಿದಾರಳು ಮೊದಲಿನ ಹೆಸರನ್ನೇ ಬಳಸಬಹುದು ಎಂಬ ಸಾಲು ಅದರಲ್ಲಿತ್ತು. ಅಂದು ತಂದಿಟ್ಟವಳು ಮತ್ತೆ ಮುಟ್ಟಿರಲಿಲ್ಲ. ಈಗ ಹೊರಗೆ ತೆಗೆದಳು. ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದೇ ಪುಟದ ಫೋಟೋ ತೆಗೆದು ಕಳಿಸಿದಳು.

ವೀಡಿಯೊ ಪರಿಶೀಲನೆಗೆ ಕರೆ ಬಂದಾಗ ಅವಳು ಗ್ಯಾರೇಜಿನಲ್ಲಿದ್ದಳು. ವ್ಯಾನಿನ ಡ್ರೈವರ್ ಸೀಟು ಹತ್ತಿ ಫೋನನ್ನು ಸ್ಟೀರಿಂಗಿಗೆ ಒರಗಿಸಿದಳು. ಮೆಕ್ಯಾನಿಕ್ ಬಡಿಯುತ್ತಿದ್ದ ಸುತ್ತಿಗೆ ಕೆಳಗಿಟ್ಟು, ಪಕ್ಕದವನಿಗೂ “ಶ್ಶ್!” ಎಂದ. ಪರದೆಯಲ್ಲಿದ್ದ ಸಿಬ್ಬಂದಿ ಹೇಳಿದಂತೆ ಚೀಟಿಯನ್ನು ಕ್ಯಾಮೆರಾಕ್ಕೆ ಹಿಡಿದಳು, ಮುಖವನ್ನು ಅತ್ತಿತ್ತ ತಿರುಗಿಸಿದಳು, ಫೋನಿಗೆ ಬಂದ ಸಂಖ್ಯೆ ಓದಿದಳು.

“ನಿಮ್ಮ ಪೂರ್ಣ ಹೆಸರು ಹೇಳಿ ಮೇಡಂ.”

ಹೇಳಿದಳು. ಗ್ಯಾರೇಜಿನ ಆ ತುದಿಗೂ ಕೇಳುವಷ್ಟು ಜೋರಾಗಿ.

ಆ ಸಂಜೆಯೇ ವಾಲೆಟ್ಟಿನಲ್ಲಿ ಹೆಸರು ಬದಲಾಯಿತು, ಕೆಂಪಕ್ಷರ ಹೋಯಿತು. ಅಧಿಕಾರಿಯ ಪತ್ರವೂ ಬಂತು: ತಡೆಗೆ ಕಾರಣ ಹೆಸರಿನ ವ್ಯತ್ಯಾಸ, ಅದನ್ನು ಮೊದಲೇ ತಿಳಿಸಬೇಕಿತ್ತು, ವಿಚಾರಿಸದೆ ದೂರು ಮುಚ್ಚಿದ್ದೂ ತಪ್ಪು, ಕ್ಷಮೆಯಿರಲಿ. ಅವಳು ಅದನ್ನು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದಳು.

“ಹಾಗಾದ್ರೆ ಅವನದೇನೂ ಇಲ್ಲ ಅನ್ನು,” ಎಂದಳು ಅಮ್ಮ, ಸ್ವಲ್ಪ ಪೆಚ್ಚಾಗಿ.

“ಏನೂ ಇಲ್ಲಮ್ಮ. ಅವನಿಗೆ ನಮ್ಮ ನೆನಪೂ ಇರಲಿಕ್ಕಿಲ್ಲ.”

ಇಬ್ಬರೂ ಮುಖ ನೋಡಿಕೊಂಡು ನಕ್ಕರು.

ಮರುದಿನ ಮೆಕ್ಯಾನಿಕ್‌ಗೆ ದುಡ್ಡು ಹಾಕಿ, ಉಳಿದದ್ದನ್ನು ಅಲ್ಲಿಯೇ ನಿಂತು ಬ್ಯಾಂಕಿಗೆ ಕಳಿಸಿದಳು. “ಕ್ಲಚ್ ಈಗ ಬೆಣ್ಣೆ ಅಕ್ಕ, ಒತ್ತಿ ನೋಡಿ,” ಎಂದ ಅವನು. ಒತ್ತಿದಳು. ವ್ಯಾನು ಒಮ್ಮೆಯೂ ಎಗರದೆ ಗೇಟು ದಾಟಿ ರಸ್ತೆಗಿಳಿಯಿತು. ಮನೆಯ ದಾರಿ ಬಿಟ್ಟು, ಸುಮ್ಮನೆ ಖುಷಿಗೆ, ಅವಳು ದೊಡ್ಡ ಸುತ್ತು ಹಾಕಿದಳು.